160 ಮನೆಗಳ ದೇಣಿಗೆ, ಒಂದು ಮನೆಯ ಟ್ರಸ್ಟ್

ಹಳ್ಳಿಗಳಿಂದ ಓದಲು ಬರುವ ನಮ್ಮ ಸಮಾಜದ ಮಕ್ಕಳಿಗೆ ದಾವಣಗೆರೆಯಲ್ಲಿ ಒಂದು ವಿದ್ಯಾರ್ಥಿ ನಿಲಯ ಇರಲೆಂದು ನಾವು 160 ಮನೆಗಳಿಂದ ದೇಣಿಗೆ ಎತ್ತಿದೆವು. ಆ ಹಣದಿಂದ ಹದಡಿ ರಸ್ತೆಯ ಕಡೆ ಕೊಂಡ ನಿವೇಶನದಲ್ಲಿ ಇಂದು ಒಂದು ತಗಡಿನ ಶೆಡ್ಡು ಇದೆ, ಅದರೊಳಗೆ ಒಂದೇ ಮನೆಯವರ ಮೆಕ್ಕೆಜೋಳದ ಚೀಲಗಳಿವೆ. ಇದು ಯಾರೋ ಬೀಗ ಮುರಿದು ಮಾಡಿದ ಕಳ್ಳತನವಲ್ಲ. ನಾವೇ ಐದು ಜನ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಾಲಾಗಿ ನಿಂತು ಹೆಬ್ಬೆರಳು ಒತ್ತಿ, ಸಹಿ ಹಾಕಿ, ಫೋಟೊ ಹಿಡಿಸಿಕೊಂಡು ನೋಂದಾಯಿಸಿದ ಟ್ರಸ್ಟ್ ಪತ್ರದ ಫಲ. ಆ ಐವರಲ್ಲಿ ನಾನೂ ಒಬ್ಬ. ಈ ಜಿಲ್ಲೆಯಲ್ಲಿ ಈಗ ಸಮಾಜದ ಹೆಸರಿನಲ್ಲಿ, ಬಡಾವಣೆಯ ಹೆಸರಿನಲ್ಲಿ ಟ್ರಸ್ಟ್ ಮಾಡಲು ಹೊರಟವರು ನನ್ನನ್ನು ವಿಚಾರಿಸುತ್ತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಮುಂದೆ ಎರಡು ದಾರಿಗಳಿದ್ದವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ಮಾಡಿಕೊಂಡು, ಉದ್ದೇಶಗಳ ಜ್ಞಾಪನ ಪತ್ರವನ್ನೂ ಬೈಲಾವನ್ನೂ ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಮುಂದೆ ಸಲ್ಲಿಸುವುದು ಒಂದು. ಟ್ರಸ್ಟ್ ಪತ್ರ ಬರೆಸಿ, ಆಸ್ತಿ ಪತ್ರಗಳನ್ನು ನೋಂದಾಯಿಸುವ ಕಚೇರಿಯಲ್ಲೇ ಅದನ್ನೂ ನೋಂದಾಯಿಸುವುದು ಇನ್ನೊಂದು. ನಾವು ಹೋದ ಪತ್ರ ಬರಹಗಾರರು ಹೇಳಿದ್ದು ಇಷ್ಟು: "ಸಂಘ ಅಂದ್ರೆ ಏಳು ಜನ ಬೇಕು ಸಾರ್, ವರ್ಷ ವರ್ಷ ಲೆಕ್ಕ ಕೊಡಬೇಕು, ಚುನಾವಣೆ, ಜಗಳ. ಟ್ರಸ್ಟ್ ಆದ್ರೆ ಒಂದೇ ದಿನದ ಕೆಲಸ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾವುದನ್ನು ಅವರು ತೊಂದರೆ ಎಂದು ಎಣಿಸಿದರೋ ಅದೇ ದೇಣಿಗೆ ಕೊಟ್ಟವರಿಗಿದ್ದ ರಕ್ಷಣೆ ಎಂಬುದು ನಮಗೆ ಹೊಳೆಯಲಿಲ್ಲ, ಅಷ್ಟೆ.

ಟ್ರಸ್ಟಿಗೆ ಸದಸ್ಯರು ಎಂಬುವರು ಇರುವುದಿಲ್ಲ. ಕರ್ತೃ ಇರುತ್ತಾರೆ, ಟ್ರಸ್ಟಿಗಳು ಇರುತ್ತಾರೆ, ಪ್ರಯೋಜನ ಪಡೆಯಬೇಕಾದವರು ಇರುತ್ತಾರೆ. ಸಭೆ ಕರೆಯುವ, ಮತ ಹಾಕುವ, ಅಧ್ಯಕ್ಷರನ್ನು ಬದಲಿಸುವ ಹಕ್ಕು ಪತ್ರದಲ್ಲಿ ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ. ನನ್ನ ಬಳಿ ಇಂದಿಗೂ ಒಂದು ರಸೀದಿ ಪುಸ್ತಕದ ಅಡಿಪ್ರತಿಗಳಿವೆ. ಪ್ರತಿಯೊಂದರಲ್ಲೂ ಹೆಸರು, ಊರು, ಮೊತ್ತ, ಅದರ ಕೆಳಗೆ "ದೇಣಿಗೆಯಾಗಿ ಸಂದಾಯ" ಎಂಬ ಅಚ್ಚಾದ ಸಾಲು. ಜಗಳೂರಿನ ಕಡೆಯ ಒಬ್ಬ ಅಜ್ಜಿ ಐನೂರು ರೂಪಾಯಿಯ ಹತ್ತು ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು, "ನನ್ನನ್ನೂ ಮೆಂಬರ್ ಮಾಡ್ಕೊಂಡ್ರಲ್ಲಪ್ಪ?" ಎಂದು ಕೇಳಿದ್ದರು. ಹೌದು ಅಜ್ಜಿ ಎಂದೆ. ಕಾನೂನಿನ ಪ್ರಕಾರ ಅದು ಸುಳ್ಳು, ಆದರೆ ಹೇಳುವಾಗ ನನಗೇ ಅದು ಗೊತ್ತಿರಲಿಲ್ಲ.

ನಮ್ಮ ಟ್ರಸ್ಟ್ ಪತ್ರ ಒಂಬತ್ತು ಪುಟಗಳದ್ದು. ಉದ್ದೇಶಗಳೇ ನಾಲ್ಕು ಪುಟ ತುಂಬಿದ್ದವು: ವಿದ್ಯಾರ್ಥಿ ನಿಲಯ, ಗ್ರಂಥಾಲಯ, ಸಾಮೂಹಿಕ ವಿವಾಹ, ಗೋಶಾಲೆ, ಕಣ್ಣಿನ ತಪಾಸಣಾ ಶಿಬಿರ. ನಾವು ಓದಿದ್ದು ಆ ಪುಟಗಳನ್ನು ಮಾತ್ರ. ಆರನೆಯ ಪುಟದಲ್ಲಿದ್ದ ಮೂರು ಷರತ್ತುಗಳನ್ನು ಯಾರೂ ಓದಲಿಲ್ಲ. ಕರ್ತೃವಾದ ಹಿರಿಯರು ತಮ್ಮ ಜೀವಿತಾವಧಿಯವರೆಗೆ ಅಧ್ಯಕ್ಷರಾಗಿಯೂ ವ್ಯವಸ್ಥಾಪಕ ಟ್ರಸ್ಟಿಯಾಗಿಯೂ ಇರತಕ್ಕದ್ದು ಎಂಬುದು ಮೊದಲನೆಯದು. ಅವರ ನಂತರ ಅವರು ನಾಮನಿರ್ದೇಶನ ಮಾಡಿದವರು, ಹಾಗೆ ಮಾಡದಿದ್ದಲ್ಲಿ ಅವರ ವಾರಸುದಾರರಲ್ಲಿ ಹಿರಿಯರು ಆ ಸ್ಥಾನಕ್ಕೆ ಬರತಕ್ಕದ್ದು ಎಂಬುದು ಎರಡನೆಯದು. ಹೊಸ ಟ್ರಸ್ಟಿಗಳನ್ನು ಸೇರಿಸಿಕೊಳ್ಳುವ, ಇರುವವರನ್ನು ಕೈಬಿಡುವ ಅಧಿಕಾರ ವ್ಯವಸ್ಥಾಪಕ ಟ್ರಸ್ಟಿಯದ್ದೇ ಎಂಬುದು ಮೂರನೆಯದು. ತನ್ನ ಸ್ವಂತ ದುಡ್ಡಿನಿಂದ, ತನ್ನ ತಂದೆತಾಯಿಯ ನೆನಪಿಗೆ ದತ್ತಿ ಇಡುವ ಮನೆತನದವರಿಗೆ ಇಂಥ ಷರತ್ತುಗಳು ಸರಿಯೇ, ಬರಹಗಾರರ ಹತ್ತಿರವಿದ್ದ ಮಾದರಿಯೂ ಬಹುಶಃ ಅಂಥದ್ದೇ ಒಂದು ಪತ್ರದ್ದು. ನೂರಾರು ಮನೆಗಳ ಚಂದಾ ಹಣಕ್ಕೆ ಅದೇ ಮಾದರಿಯನ್ನು ಹೊದಿಸಿದ್ದು ನಮ್ಮ ತಪ್ಪು.

ಹಿರಿಯರು ಇದ್ದಷ್ಟು ದಿನ ಏನೂ ಕೆಡಲಿಲ್ಲ. ಅವರು ನಂಬಿಕಸ್ಥರು, ಲೆಕ್ಕವನ್ನು ಸ್ವತಃ ಬರೆಯುತ್ತಿದ್ದರು. ನಿವೇಶನ ಕೊಳ್ಳುವಾಗ ಮಾತ್ರ ಒಂದು ಎಡವಟ್ಟಾಯಿತು. ಕ್ರಯಪತ್ರದಲ್ಲಿ ಖರೀದಿದಾರರ ಜಾಗದಲ್ಲಿ ಮೊದಲು ಅವರ ಹೆಸರು, ತಂದೆಯ ಹೆಸರು, ವಯಸ್ಸು, ವಾಸ, ಅದಾದ ಮೇಲೆ "ಟ್ರಸ್ಟಿನ ಅಧ್ಯಕ್ಷರು" ಎಂದು ಬರೆಯಲಾಗಿತ್ತು. ಟ್ರಸ್ಟ್ ಖರೀದಿದಾರ, ಅದರ ಪರವಾಗಿ ಇಂಥವರು ಸಹಿ ಮಾಡುತ್ತಿದ್ದಾರೆ ಎಂದು ಇರಬೇಕಿತ್ತು. ಕೊಳ್ಳಲು ಒಪ್ಪಿಗೆ ಕೊಟ್ಟ ಠರಾವು ನಡಾವಳಿ ಪುಸ್ತಕದಲ್ಲಿ ಇರಲಿಲ್ಲ, ಏಕೆಂದರೆ ನಡಾವಳಿ ಪುಸ್ತಕವೇ ಇರಲಿಲ್ಲ. ಖಾತೆ ಅವರೊಬ್ಬರ ಹೆಸರಿಗೆ ಬಂತು. ಕಂದಾಯದ ರಸೀದಿಯಲ್ಲಿ ಪ್ರತಿ ವರ್ಷ ಆ ಹೆಸರನ್ನು ನೋಡಿಯೂ ನಾವು ನಾಲ್ವರೂ ಸುಮ್ಮನಿದ್ದೆವು.

ಅವರು ತೀರಿಕೊಂಡ ಮೂರನೆಯ ತಿಂಗಳಿಗೆ ಮಗ ವ್ಯವಸ್ಥಾಪಕ ಟ್ರಸ್ಟಿಯಾದರು. ಆರನೆಯ ತಿಂಗಳಿಗೆ ನಮ್ಮಲ್ಲಿ ಇಬ್ಬರನ್ನು ಕೈಬಿಟ್ಟು ತಮ್ಮ ಭಾವಮೈದುನನನ್ನು ಸೇರಿಸಿಕೊಂಡರು. ಶೆಡ್ಡು ಎದ್ದಾಗ ನಾನು ಮನೆಗೇ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು, ಪತ್ರದ ಜೆರಾಕ್ಸನ್ನು ನನ್ನ ಮುಂದಿಟ್ಟರು. "ಕಾಕಾ, ನೀವೇ ಸಹಿ ಮಾಡೀರಲ್ಲ, ಆರನೇ ಪುಟ ಓದ್ಕೊಳ್ರಿ." ಸಹಿ ಹಾಕಿ ಆರು ವರ್ಷಗಳಾದ ಮೇಲೆ ನಾನು ಆ ಪುಟವನ್ನು ಮೊದಲ ಸಲ ಓದಿದ್ದು ಅವರ ಮನೆಯ ಸೋಫಾದ ಮೇಲೆ.

ಅವಮಾನವಾಗಿ ಮರುದಿನವೇ ರಾಜೀನಾಮೆ ಪತ್ರ ಬರೆದು ಅಂಚೆಗೆ ಹಾಕಿದೆ. ನಂತರ ಭೇಟಿಯಾದ ವಕೀಲರು ಅದನ್ನು ನೋಡಿ ತಲೆಯಾಡಿಸಿದರು. 1882ರ ಭಾರತೀಯ ಟ್ರಸ್ಟ್ ಕಾಯ್ದೆ ನೇರವಾಗಿ ಖಾಸಗಿ ಟ್ರಸ್ಟುಗಳಿಗೆ ಅನ್ವಯಿಸುವಂಥದ್ದಾದರೂ ಟ್ರಸ್ಟಿಯ ಕರ್ತವ್ಯದ ಬಗ್ಗೆ ಅದರಲ್ಲಿರುವ ತತ್ವಗಳನ್ನೇ ಸಾರ್ವಜನಿಕ ದತ್ತಿಗಳ ವಿಷಯದಲ್ಲೂ ನ್ಯಾಯಾಲಯಗಳು ನೋಡುತ್ತವೆ ಎಂದರು. ಆ ತತ್ವದಂತೆ ಹೊಣೆ ಒಪ್ಪಿಕೊಂಡ ಟ್ರಸ್ಟಿ ಮನಸ್ಸಿಗೆ ಬಂದಾಗ ಬಿಟ್ಟು ಹೋಗುವಂತಿಲ್ಲ. ಪತ್ರದಲ್ಲೇ ಅದಕ್ಕೆ ಅವಕಾಶವಿರಬೇಕು, ಇಲ್ಲವೇ ಪ್ರಯೋಜನ ಪಡೆಯುವವರ ಒಪ್ಪಿಗೆ ಬೇಕು, ಅದೂ ಇಲ್ಲದಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಬಿಟ್ಟು ಹೋದರೂ ಹಿಂದೆ ಆದ ಲೋಪಕ್ಕೆ ಹೊಣೆ ತಪ್ಪುವುದಿಲ್ಲ. ಟ್ರಸ್ಟಿನ ಆಸ್ತಿ ಯಾವ ಸ್ಥಿತಿಯಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ತಿಳಿದುಕೊಳ್ಳುವುದು, ತನ್ನ ಸ್ವಂತ ಆಸ್ತಿಯನ್ನು ಬುದ್ಧಿಯುಳ್ಳವನು ನೋಡಿಕೊಳ್ಳುವಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳುವುದು, ಲೆಕ್ಕ ಇಡುವುದು, ಕೇಳಿದಾಗ ತೋರಿಸುವುದು, ಅದರಿಂದ ತಾನು ಲಾಭ ಮಾಡಿಕೊಳ್ಳದಿರುವುದು, ಇವೆಲ್ಲ ಅಧ್ಯಕ್ಷರೊಬ್ಬರ ಕೆಲಸವಲ್ಲ, ಪ್ರತಿಯೊಬ್ಬ ಟ್ರಸ್ಟಿಯದ್ದೂ ಹೌದು. ಬಾಡಿಗೆ ಕೊಡದೆ ಜೋಳ ಇಟ್ಟದ್ದು ಮಗನ ತಪ್ಪಾದರೆ, ಖಾತೆ ನೋಡಿಯೂ ಸುಮ್ಮನಿದ್ದದ್ದು ನಮ್ಮದು. "ನಾನು ಹೆಸರಿಗಷ್ಟೇ ಟ್ರಸ್ಟಿ" ಎಂಬ ಮಾತು ನಮ್ಮೂರಲ್ಲಿ ಬಹಳ ಓಡಾಡುತ್ತದೆ, ಕಾನೂನಿನಲ್ಲಿ ಅಂಥ ಹುದ್ದೆ ಇಲ್ಲ.

ಉಳಿದ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಿ, ಟ್ರಸ್ಟಿಯನ್ನು ತೆಗೆಯಬೇಕು, ಲೆಕ್ಕ ಒಪ್ಪಿಸಬೇಕು, ಹೊಸ ಆಡಳಿತ ಯೋಜನೆ ರೂಪಿಸಬೇಕು ಎಂದು ಕೇಳಬಹುದು. ಇದು ಖಾಸಗಿ ಟ್ರಸ್ಟ್ ಅಲ್ಲ, ಸಾರ್ವಜನಿಕರದ್ದು ಎಂದು ಮೊದಲು ನಾವೇ ತೋರಿಸಿಕೊಡಬೇಕಾದ್ದರಿಂದ ಆ ಹಳೆಯ ರಸೀದಿ ಪುಸ್ತಕಗಳೇ ನಮ್ಮ ದೊಡ್ಡ ಸಾಕ್ಷ್ಯ. ಒಂಬತ್ತು ಪುಸ್ತಕಗಳಲ್ಲಿ ಸಿಕ್ಕಿದ್ದು ಐದು. ಒಂದಕ್ಕೆ ಗೆದ್ದಲು ಹತ್ತಿತ್ತು.

ಸಂಘವಾಗಿದ್ದರೆ ಏನಾಗುತ್ತಿತ್ತು ಎಂದು ಹಲವರು ಕೇಳುತ್ತಾರೆ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಬೇಕಿತ್ತು, ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧಿತ ಜಮಾಖರ್ಚನ್ನೂ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕಿತ್ತು. ಮಗ ತಂದೆಯ ಕುರ್ಚಿಗೆ ಬರಬೇಕಾದರೆ ಜನ ಆರಿಸಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಡಳಿತ ಮಂಡಳಿಯ ಬಹುಮತ ಅಥವಾ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ಕಾಯ್ದೆಯ 25ನೇ ಕಲಮಿನಡಿ ನೋಂದಣಾಧಿಕಾರಿಗಳು ವಿಚಾರಣೆ ನಡೆಸಲೇಬೇಕು. 160 ಮನೆಗಳಲ್ಲಿ 54 ಸಹಿ ಸಂಗ್ರಹಿಸುವುದು ನಮಗೆ ಒಂದು ಭಾನುವಾರದ ಕೆಲಸವಾಗುತ್ತಿತ್ತು.

ಹಾಗೆಂದು ಸಂಘದ ಬೈಲಾವನ್ನು ಅಂಗಡಿಯಿಂದ ಜೆರಾಕ್ಸ್ ತಂದು ಒಪ್ಪಿಸಿದರೆ ಅಲ್ಲಿಯೂ ಇದೇ ಪಾಡು. ಕಳೆದ ವರ್ಷ ನಮ್ಮವರು ಬೇರೆ ಸಂಘವನ್ನು ಹೊಸದಾಗಿ ನೋಂದಾಯಿಸಿದಾಗ ಬೈಲಾದ ಮೇಲೆ ನಾಲ್ಕು ಸಂಜೆ ಕುಳಿತೆವು. ಹೆಚ್ಚು ಹೊತ್ತು ಹಿಡಿದದ್ದು ಸದಸ್ಯತ್ವದ ಅಧ್ಯಾಯ. ಸಂಘವನ್ನು ಕಬಳಿಸಬೇಕೆನ್ನುವವರು ಪತ್ರ ತಿದ್ದಬೇಕಿಲ್ಲ, ಚುನಾವಣೆಗೆ ವಾರ ಮೊದಲು ತಮ್ಮ ಕಡೆಯ ಐವತ್ತು ಜನರನ್ನು ಸದಸ್ಯರನ್ನಾಗಿ ಮಾಡಿಕೊಂಡರೆ ಸಾಕು. ಅದಕ್ಕಾಗಿ ಸದಸ್ಯರಾಗಿ ಒಂದು ವರ್ಷ ತುಂಬದವರಿಗೆ ಮತವಿಲ್ಲ, ಮತದಾರರ ಪಟ್ಟಿಯನ್ನು ಸಭೆಯ ನೋಟಿಸಿನ ಜೊತೆಗೇ ಕಳುಹಿಸತಕ್ಕದ್ದು ಎಂದು ಬರೆದೆವು. ಪದಾಧಿಕಾರಿಗಳಿಗೆ ಮೂರು ವರ್ಷದ ಅವಧಿ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಹೆಚ್ಚಿಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಅವರಿಬ್ಬರೂ ಒಂದೇ ಕುಟುಂಬದವರಾಗಿರಬಾರದು. ಸ್ಥಿರಾಸ್ತಿ ಕೊಳ್ಳಲು, ಮಾರಲು, ಅಡವಿಡಲು, ಬಾಡಿಗೆಗೆ ಕೊಡಲು ಸರ್ವ ಸದಸ್ಯರ ಸಭೆಯ ಠರಾವು ಬೇಕು, ಪತ್ರ ಸಂಘದ ಹೆಸರಿನಲ್ಲೇ ಆಗಬೇಕು. ಸಂಘ ವಿಸರ್ಜನೆಯಾದರೆ ಉಳಿದ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕೇ ಹೊರತು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕೋರಂ ಎಷ್ಟಿರಬೇಕೆಂಬುದಕ್ಕೆ ಒಂದಿಡೀ ಸಂಜೆ ಜಗಳವಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗಾಗಲೇ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿರುವವರು ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಅದರ ದೃಢೀಕೃತ ನಕಲನ್ನು ಈ ವಾರವೇ ತೆಗೆಸಿಕೊಳ್ಳಿ. ಉದ್ದೇಶಗಳ ಪುಟಗಳನ್ನು ತಿರುವಿ ಹಾಕಿ, ಟ್ರಸ್ಟಿಗಳ ನೇಮಕ, ತೆಗೆದುಹಾಕುವಿಕೆ, ಉತ್ತರಾಧಿಕಾರ ಎಂಬ ಷರತ್ತುಗಳಿಂದ ಓದಲು ಆರಂಭಿಸಿ. ಅದಾದ ಮೇಲೆ ಖಾತಾ ನಕಲನ್ನೂ ಬ್ಯಾಂಕ್ ಖಾತೆಯನ್ನು ಯಾರ ಸಹಿಯಿಂದ ನಡೆಸಲಾಗುತ್ತಿದೆ ಎಂಬುದನ್ನೂ ನೋಡಿ. ಯಾವುದಾದರೂ ಒಬ್ಬರ ಮನೆಯ ಹೆಸರಿಗೇ ತಿರುಗಿಕೊಂಡಿದ್ದರೆ, ಆ ಹಿರಿಯರು ಬದುಕಿರುವಾಗಲೇ, ಅವರ ಮನಸ್ಸು ಒಳ್ಳೆಯದಿರುವಾಗಲೇ, ಕ್ರಯಪತ್ರದ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ. ನಮ್ಮ ಹಿರಿಯರು ಅದಕ್ಕೆ ಇಲ್ಲವೆನ್ನುತ್ತಿರಲಿಲ್ಲ, ನಾವು ಕೇಳಲಿಲ್ಲ.

ನಮ್ಮ ದಾವೆಗೆ ಅನುಮತಿ ಸಿಕ್ಕಿದೆ, ಲೆಕ್ಕ ಹಾಜರುಪಡಿಸಲು ಎದುರು ಪಕ್ಷದವರು ಎರಡು ಸಲ ಸಮಯ ಕೇಳಿದ್ದಾರೆ. ಅಜ್ಜಿಯ ರಸೀದಿಯ ಅಡಿಪ್ರತಿ ಉಳಿದ ಐದು ಪುಸ್ತಕಗಳಲ್ಲಿ ಒಂದರಲ್ಲಿತ್ತು, ಅದನ್ನು ದಾಖಲೆಗೆ ಹಾಕಿದ್ದೇವೆ.