ನಾಲ್ಕು ‘ಆರಂಭ’ಗಳು, ಒಂದು ಪದಕೋಶ: ಪದವಿಯ ಉದ್ದಕ್ಕೂ ಬಳಸಿದ ಮೇಲೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ಕೂಡಲೇ ಇಂಗ್ಲಿಷ್ ಪಾಠಗಳ ನಡುವೆ ಬಿದ್ದವರಿಗಾಗಿ ಕೆಲವು ಅಧ್ಯಾಪಕರು ಕೂಡಿ ಮಾಡಿರುವ ಆಣ್ವಿಕ ಜೀವವಿಜ್ಞಾನದ ಪದಕೋಶ ಇದು. ಅಂಗಡಿಯಲ್ಲಿ ಸಿಗುವುದಿಲ್ಲ, ಪಿಡಿಎಫ್ ಆಗಿ ಕೈಯಿಂದ ಕೈಗೆ ಹೋಗುತ್ತದೆ, ಹೆಚ್ಚಿನವರು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿಕೊಂಡಿರುತ್ತಾರೆ. ಬಿ.ಎಸ್ಸಿ. ಮುಗಿಯುವವರೆಗೂ ಬಳಸಿದ್ದೇನೆ, ಈಗ ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಕಿರಿಯರಿಗೆ ಕೊಡುತ್ತೇನೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಎಲ್ಲಿ ಹೋಯಿತು ಎಂಬುದನ್ನೂ ಹೇಳುತ್ತೇನೆ.

ಸಾಮಾನ್ಯ ಪದಕೋಶಗಳು ಇಂಗ್ಲಿಷ್ ಪದದ ಎದುರಿಗೆ ಒಂದು ಸಂಸ್ಕೃತ ಪದವನ್ನಿಟ್ಟು ಕೈತೊಳೆದುಕೊಳ್ಳುತ್ತವೆ. ಆ ಸಂಸ್ಕೃತ ಪದಕ್ಕೆ ಇನ್ನೊಂದು ಪದಕೋಶ ಬೇಕು. ಇಲ್ಲಿ ಇಂಗ್ಲಿಷ್ ಪದವನ್ನು ಹಾಗೆಯೇ ಉಳಿಸಿಕೊಂಡು ಎರಡು ಮೂರು ವಾಕ್ಯಗಳಲ್ಲಿ ಅದು ಏನು ಮಾಡುತ್ತದೆ ಎಂದು ಬರೆದಿದ್ದಾರೆ. ಕೆಳಗೆ ಪ್ರತಿ ಪದಕ್ಕೂ ಮೂರು ಪುಟ್ಟ ಸಾಲುಗಳಿವೆ: ಯಾವ ಅಣುವಿನ ಮೇಲಿದೆ, ಅದನ್ನು ಯಾರು ಗುರುತಿಸುತ್ತಾರೆ, ಅಲ್ಲಿಂದ ಏನು ಶುರುವಾಗುತ್ತದೆ. ಈ ಪುಸ್ತಕದ ಬೆಲೆಯೆಲ್ಲ ಆ ಮೂರು ಸಾಲುಗಳಲ್ಲಿದೆ.

ಒರಿಜಿನ್, ಪ್ರೈಮರ್, ಪ್ರೊಮೋಟರ್, ಸ್ಟಾರ್ಟ್ ಕೋಡಾನ್ ಈ ನಾಲ್ಕನ್ನೇ ನೋಡಿ. ನಾಲ್ಕಕ್ಕೂ ಕನ್ನಡದಲ್ಲಿ ‘ಆರಂಭಿಸುವ ಭಾಗ’ ಎಂದೇ ಟಿಪ್ಪಣಿ ಬರೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. ಟಿಪ್ಪಣಿ ತಪ್ಪಲ್ಲ; ಆದರೆ ಪರೀಕ್ಷೆಯಲ್ಲಿ ‘ಪ್ರೊಮೋಟರ್ ಕಿತ್ತುಹಾಕಿದರೂ ಸ್ಟಾರ್ಟ್ ಕೋಡಾನ್ ಹಾಗೆಯೇ ಇದ್ದರೆ ಪ್ರೋಟೀನ್ ಆಗುತ್ತದೆಯೇ’ ಎಂದು ಕೇಳಿದರೆ ಅದು ಯಾವ ಸಹಾಯಕ್ಕೂ ಬರುವುದಿಲ್ಲ.

ಪದಕೋಶದ ಮೂರು ಸಾಲುಗಳು ಇವನ್ನು ಬಿಡಿಸಿಡುತ್ತವೆ. ಒರಿಜಿನ್ ಇರುವುದು ಡಿಎನ್‌ಎಯಲ್ಲಿ; ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಎ ಎಂಬ ಪ್ರೋಟೀನ್ ಅದನ್ನು ಹಿಡಿಯುತ್ತದೆ. ಅಲ್ಲಿಂದ ಡಿಎನ್‌ಎ ನಕಲಾಗುವ ಕೆಲಸ ಶುರುವಾಗುತ್ತದೆ. ಪ್ರೊಮೋಟರ್ ಕೂಡ ಡಿಎನ್‌ಎಯಲ್ಲೇ ಇದೆ, ಆದರೆ ಅದನ್ನು ಹಿಡಿಯುವುದು ಆರ್‌ಎನ್‌ಎ ಪಾಲಿಮರೇಸ್. ಶುರುವಾಗುವುದು ಜೀನಿನಿಂದ ಆರ್‌ಎನ್‌ಎ ಬರೆಯುವ ಕೆಲಸ. ಸ್ಟಾರ್ಟ್ ಕೋಡಾನ್ ಕೆಲಸಕ್ಕೆ ಬರುವುದು ಎಂಆರ್‌ಎನ್‌ಎಯ ಮೇಲೆ. ಅದನ್ನು ಗುರುತಿಸುವುದು ರೈಬೋಸೋಮ್. ಅಲ್ಲಿಂದ ಪ್ರೋಟೀನ್ ಹೆಣೆಯಲು ತೊಡಗುತ್ತದೆ. ಇಷ್ಟು ಕಂಡ ಮೇಲೆ ಪರೀಕ್ಷೆಯ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ: ಪ್ರೊಮೋಟರ್ ಇಲ್ಲದಿದ್ದರೆ ಎಂಆರ್‌ಎನ್‌ಎಯೇ ಇಲ್ಲ, ರೈಬೋಸೋಮ್ ಓದುವುದೇನನ್ನು?

ಪ್ರೈಮರ್ ಇವುಗಳ ಸಾಲಿಗೆ ಸೇರುವುದಿಲ್ಲ, ಅದನ್ನೂ ಪದಕೋಶ ಸ್ಪಷ್ಟವಾಗಿ ಹೇಳುತ್ತದೆ. ಅದು ಗುರುತಿನ ಜಾಗವಲ್ಲ, ಬೇರೆಯಾಗಿ ಬಂದು ಅಂಟಿಕೊಳ್ಳುವ ಒಂದು ಪುಟ್ಟ ಎಳೆ. ಡಿಎನ್‌ಎ ಪಾಲಿಮರೇಸ್‌ಗೆ ಬರಿಯ ಎಳೆಯ ಮೇಲೆ ಮೊದಲ ಅಕ್ಷರ ಬರೆಯಲು ಬರುವುದಿಲ್ಲ. ಈಗಾಗಲೇ ಇರುವ ತುದಿಗೆ ಮುಂದಿನದನ್ನು ಸೇರಿಸಲಷ್ಟೇ ಬರುತ್ತದೆ. ಆ ತುದಿಯನ್ನು ಒದಗಿಸುವುದೇ ಪ್ರೈಮರ್. ಜೀವಕೋಶದಲ್ಲಿ ಅದು ಆರ್‌ಎನ್‌ಎಯ ತುಣುಕು, ಪ್ರೈಮೇಸ್ ಎಂಬ ಕಿಣ್ವ ಅದನ್ನು ಕಟ್ಟುತ್ತದೆ. ಪಿಸಿಆರ್‌ನಲ್ಲಿ ನಾವು ಮಾಡಿಸಿ ತರಿಸುವ, ಸಾಮಾನ್ಯವಾಗಿ 18ರಿಂದ 25 ಅಕ್ಷರಗಳ ಡಿಎನ್‌ಎ ತುಣುಕು. ಆರ್‌ಎನ್‌ಎ ಪಾಲಿಮರೇಸ್‌ಗೆ ಮೊದಲ ಅಕ್ಷರವನ್ನೂ ತಾನೇ ಬರೆಯಬಲ್ಲ ಶಕ್ತಿಯಿರುವುದರಿಂದ ಅದಕ್ಕೆ ಪ್ರೈಮರ್ ಬೇಡ. ಈ ಕೊನೆಯ ವಾಕ್ಯ ನನ್ನ ಪಠ್ಯಪುಸ್ತಕದಲ್ಲೂ ಇತ್ತು, ಎರಡು ಅಧ್ಯಾಯಗಳ ದೂರದಲ್ಲಿ.

ಇನ್ನು ಪ್ರಯೋಗಾಲಯದ ಮಾತು. ನಮ್ಮ ಕಿರಿಯಳೊಬ್ಬಳು ಒಂದು ಜೀನನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿಕೊಂಡು ಪೆಟ್ ಸರಣಿಯ ಪ್ಲಾಸ್ಮಿಡ್‌ಗೆ ಸೇರಿಸಿ, ಡಿಎಚ್5ಆಲ್ಫಾ ಎಂಬ ಇ. ಕೋಲೈ ತಳಿಯೊಳಗೆ ಹಾಕಿದ್ದಳು. ಕನಮೈಸಿನ್ ಬೆರೆಸಿದ ತಟ್ಟೆಯಲ್ಲಿ ಕಾಲೊನಿಗಳು ಎದ್ದವು. ಸೀಕ್ವೆನ್ಸಿಂಗ್ ವರದಿಯೂ ಸರಿಯಾಗಿ ಬಂತು. ಜೀನಿನ ಕೆಲಸ ಶುರುಮಾಡಿಸುವ ಐಪಿಟಿಜಿ ಎಂಬ ರಾಸಾಯನಿಕ ಹಾಕಿ ಕಾದು, ಪ್ರೋಟೀನ್ ಜೆಲ್ ಓಡಿಸಿದರೆ ಹೊಸ ಪಟ್ಟೆಯೇ ಇಲ್ಲ. ಐಪಿಟಿಜಿ ಹಳೆಯದಾಗಿರಬೇಕು ಎಂದು ಅವಳು ಹೊಸ ದ್ರಾವಣ ಮಾಡಲು ಹೊರಟಿದ್ದಳು.

ಪದಕೋಶವನ್ನು ತೆರೆದು ‘ಯಾರು ಗುರುತಿಸುತ್ತಾರೆ’ ಎಂಬ ಸಾಲನ್ನೇ ಹಿಡಿದು ಒಂದೊಂದಾಗಿ ಕೇಳುತ್ತ ಹೋದೆವು. ಪ್ಲಾಸ್ಮಿಡ್‌ನ ಒರಿಜಿನ್ ಅನ್ನು ಯಾರು ಗುರುತಿಸುತ್ತಾರೆ? ಆ ಬ್ಯಾಕ್ಟೀರಿಯಾದ ಸ್ವಂತ ಯಂತ್ರಗಳೇ. ಅದಕ್ಕೇ ಪ್ಲಾಸ್ಮಿಡ್ ನಕಲಾಗುತ್ತಿದೆ. ಕನಮೈಸಿನ್ ತಡೆಯುವ ಜೀನಿನ ಪ್ರೊಮೋಟರ್? ಅದನ್ನೂ ಬ್ಯಾಕ್ಟೀರಿಯಾದ ಸ್ವಂತ ಆರ್‌ಎನ್‌ಎ ಪಾಲಿಮರೇಸ್ ಓದುತ್ತದೆ. ಅದಕ್ಕೇ ಕಾಲೊನಿಗಳು ಬದುಕಿವೆ. ಅವಳ ಜೀನಿನ ಮುಂದಿರುವ ಪ್ರೊಮೋಟರ್ ಮಾತ್ರ ಬೇರೆ. ಅದು ಟಿ7 ಎಂಬ ವೈರಸ್‌ನದು, ಅದನ್ನು ಓದಲು ಟಿ7 ವೈರಸ್‌ನ ಆರ್‌ಎನ್‌ಎ ಪಾಲಿಮರೇಸೇ ಬೇಕು. ಡಿಎಚ್5ಆಲ್ಫಾದಲ್ಲಿ ಅದಿಲ್ಲ. ಬಿಎಲ್21(ಡಿಇ3) ತಳಿಯ ವರ್ಣತಂತುವಿನಲ್ಲಿ ಆ ಪಾಲಿಮರೇಸ್‌ನ ಜೀನನ್ನು ಸೇರಿಸಿಟ್ಟಿದ್ದಾರೆ, ಐಪಿಟಿಜಿ ಹಾಕಿದಾಗ ಅದು ತಯಾರಾಗುತ್ತದೆ. ಪ್ಲಾಸ್ಮಿಡ್ ಅನ್ನು ಆ ತಳಿಗೆ ಸಾಗಿಸಿದ ಮೇಲೆ ಪಟ್ಟೆ ಬಂತು. ಐಪಿಟಿಜಿಯಲ್ಲಿ ದೋಷವೇ ಇರಲಿಲ್ಲ.

ಆದರೆ ಟಿ7ನ ವಿಷಯ ಈ ಪದಕೋಶದಲ್ಲಿ ಇಲ್ಲ, ಅದು ನನಗೆ ಬೇರೆ ಕಡೆಯಿಂದ ಗೊತ್ತಿತ್ತು. ಪ್ರೊಮೋಟರ್ ಎದುರಿಗೆ ‘ಆರ್‌ಎನ್‌ಎ ಪಾಲಿಮರೇಸ್’ ಎಂದಷ್ಟೇ ಇದೆ, ಯಾವುದರ ಪಾಲಿಮರೇಸ್ ಎಂದಿಲ್ಲ. ‘ಎಕ್ಸ್‌ಪ್ರೆಷನ್ ವೆಕ್ಟರ್’ ಎಂಬಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದಾರೆ. ಜೀನ್ ತಂತ್ರಜ್ಞಾನದ ಪದಗಳಿಗೆ ಬಂದಾಗ ಮೂರು ಸಾಲುಗಳ ಶಿಸ್ತನ್ನೇ ಕೈಬಿಟ್ಟಿರುವುದು ನನಗೆ ಅರ್ಥವಾಗದ ಸಂಗತಿ. ಅದು ಹೆಚ್ಚು ಬೇಕಿದ್ದದ್ದೇ ಅಲ್ಲಿ.

ಸ್ಟಾರ್ಟ್ ಕೋಡಾನ್‌ನಲ್ಲಿ ಒಂದು ನಿಜವಾದ ತಪ್ಪೂ ಇದೆ. ‘ಎಂಆರ್‌ಎನ್‌ಎಯಲ್ಲಿ ಬರುವ ಮೊದಲ AUG’ ಎಂದು ಬರೆದಿದ್ದಾರೆ. ನಮ್ಮಂಥ ಜೀವಿಗಳ ಕೋಶಗಳಿಗೆ ಇದು ಬಹುಮಟ್ಟಿಗೆ ಸರಿ. ಅಲ್ಲಿ ರೈಬೋಸೋಮ್ ಎಂಆರ್‌ಎನ್‌ಎಯ ತುದಿಯಿಂದ ಹುಡುಕುತ್ತ ಬರುತ್ತದೆ. ಬ್ಯಾಕ್ಟೀರಿಯಾದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಕೋಡಾನ್‌ಗೆ ಸ್ವಲ್ಪ ಮುಂಚೆ ಇರುವ ಶೈನ್-ಡಾಲ್ಗಾರ್ನೊ ಎಂಬ ತುಣುಕಿನ ಮೇಲೆ ರೈಬೋಸೋಮ್ ಕೂರುತ್ತದೆ, ಅದರ ಪಕ್ಕದ AUGಯಿಂದ ಓದು ಶುರುವಾಗುತ್ತದೆ. ಅದಕ್ಕೂ ಮುಂಚೆ ಬೇರೆ AUG ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಉಳಿದ ಉದಾಹರಣೆಗಳೆಲ್ಲ ಇ. ಕೋಲೈಯವೇ ಆಗಿರುವಾಗ ಇದೊಂದನ್ನು ಮಾತ್ರ ಇನ್ನೊಂದು ಬಗೆಯ ಜೀವಿಯಿಂದ ತಂದು ಕೂರಿಸಿದಂತಿದೆ. ಕಿರಿಯರಿಗೆ ಕೊಡುವ ಪ್ರತಿಯಲ್ಲಿ ಆ ಸಾಲನ್ನು ಪೆನ್ನಿನಿಂದ ತಿದ್ದಿಯೇ ಕೊಡುತ್ತೇನೆ.

ಮೊಬೈಲಿನಲ್ಲಿ ಬಳಸುವವರಿಗೆ ಇನ್ನೊಂದು ಮಾತು. ಕನ್ನಡ ಭಾಗವನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದಾರೆ, ಯೂನಿಕೋಡ್‌ನಲ್ಲಿ ಅಲ್ಲ. ಹೀಗಾಗಿ ಇಂಗ್ಲಿಷ್ ಪದವನ್ನು ಹುಡುಕಿದರೆ ಸಿಗುತ್ತದೆ, ‘ಕಿಣ್ವ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಚಿಂದಿಯಾಗುತ್ತವೆ. ಮುದ್ರಿತ ಪ್ರತಿಗೆ ಈ ತೊಂದರೆಯಿಲ್ಲ, ಜೆರಾಕ್ಸ್ ಮಾಡಿಸುವಾಗ ಒಂದು ಹಾಳೆಗೆ ಎರಡು ಪುಟ ಹಾಕಿಸಬೇಡಿ, ಆ ಮೂರು ಸಾಲುಗಳ ಅಕ್ಷರ ಮೊದಲೇ ಚಿಕ್ಕದು.

ದ್ವಿತೀಯ ಪಿಯುಸಿಯವರಿಗೂ ಬಿ.ಎಸ್ಸಿ. ಮೊದಲ ಎರಡು ವರ್ಷದವರಿಗೂ ಇದು ಸಾಕು. ಪ್ರಾಜೆಕ್ಟ್ ಕೆಲಸಕ್ಕೆ ಇಳಿದವರು ಪ್ಲಾಸ್ಮಿಡ್‌ನ ನಕ್ಷೆಯನ್ನು ಪಕ್ಕದಲ್ಲಿ ಹರಡಿಕೊಂಡು, ಅದರಲ್ಲಿ ಬರೆದಿರುವ ಪ್ರತಿ ಭಾಗಕ್ಕೂ ಆ ಮೂರು ಸಾಲುಗಳನ್ನು ತಾವೇ ತುಂಬಿಕೊಳ್ಳಬೇಕಾಗುತ್ತದೆ.