ಸಹಾಯಕನೋ, ಸಹಾಯಕಿಯೋ, ಸಹಾಯಕರೋ: ಒಂದೇ ಜಾಹೀರಾತನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ

ನಾನು ಕೆಲಸ ಮಾಡುವ ಕಚೇರಿಗೆ ಲೆಕ್ಕ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಹಳೆಯ ಜಾಹೀರಾತನ್ನೇ ಮತ್ತೆ ಹಾಕಿದೆವು:

"ಲೆಕ್ಕ ಸಹಾಯಕ ಬೇಕಾಗಿದ್ದಾನೆ. ಅಭ್ಯರ್ಥಿಯು ಬಿ.ಕಾಂ. ಪದವೀಧರನಾಗಿರಬೇಕು. ಕನ್ನಡ ಟೈಪಿಂಗ್ ಬಲ್ಲವನಾಗಿರಬೇಕು. ಆಯ್ಕೆಯಾದವನು ಪ್ರತಿದಿನ ರಸೀದಿಗಳನ್ನು ದಾಖಲಿಸಬೇಕು."

ಮಾರನೇ ದಿನ ಒಂದು ಫೋನ್ ಬಂತು. "ಹೆಂಗಸರೂ ಅರ್ಜಿ ಹಾಕಬಹುದಾ?" ಆ ಪ್ರಶ್ನೆ ನನಗೆ ನಾಟಿತು. ಇವರೇನೋ ಫೋನ್ ಮಾಡಿ ಕೇಳಿದರು. ಕೇಳದೆ ಪುಟ ತಿರುಗಿಸಿದವರು ಎಷ್ಟು ಜನ ಇದ್ದಾರೋ! ಅವತ್ತೇ ಕೂತು ಅದನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ.

ಮೊದಲು ಓರೆಗೆರೆ. ಎಲ್ಲರಿಗೂ ಮೊದಲು ಹೊಳೆಯುವುದು ಇದೇ ಅಲ್ವಾ? "ಸಹಾಯಕ/ಸಹಾಯಕಿ" ಎನ್ನುವವರೆಗೆ ಚೆನ್ನಾಗಿಯೇ ಇತ್ತು. ಆದರೆ ಕನ್ನಡದಲ್ಲಿ ಗಂಡು ಹೆಣ್ಣಿನ ಗುರುತು ಹೆಸರಿಗೇ ನಿಲ್ಲುವುದಿಲ್ಲ, ಕ್ರಿಯಾಪದದ ತುದಿಗೂ ಅಂಟುತ್ತದೆ. "ಬೇಕಾಗಿದ್ದಾನೆ/ಬೇಕಾಗಿದ್ದಾಳೆ", "ಪದವೀಧರನಾಗಿರಬೇಕು/ಪದವೀಧರೆಯಾಗಿರಬೇಕು", "ಬಲ್ಲವನಾಗಿರಬೇಕು/ಬಲ್ಲವಳಾಗಿರಬೇಕು". ಗಟ್ಟಿಯಾಗಿ ಓದಿದರೆ ನಾಲಿಗೆ ತೊಡರುತ್ತದೆ. ಇಷ್ಟೆಲ್ಲ ಮಾಡಿದರೂ ಎರಡೇ ಗುಂಪಿಗೆ ಜಾಗ. ಕರ್ನಾಟಕ ಸರ್ಕಾರ 2021ರಲ್ಲೇ ತನ್ನ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿದೆ. ಅವರನ್ನು ಓರೆಗೆರೆಯ ಯಾವ ಬದಿಗೆ ಸೇರಿಸುವುದು? ಇದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು "-ರು". ಒಬ್ಬರನ್ನೇ ಗೌರವದಿಂದ ಕರೆಯಲೂ ನಾವು ಬಹುವಚನ ಬಳಸುವುದರಿಂದ ಇದು ಕನ್ನಡದಲ್ಲೇ ಸಿದ್ಧವಾಗಿರುವ ದಾರಿ. "ಪದವೀಧರರಾಗಿರಬೇಕು", "ಬಲ್ಲವರಾಗಿರಬೇಕು", "ಆಯ್ಕೆಯಾದವರು". ಓದಲು ಸಲೀಸು, ಮರ್ಯಾದೆಯೂ ಉಂಟು. ತೊಡಕು ಎರಡು ಕಡೆ ಬಂತು. "ಲೆಕ್ಕ ಸಹಾಯಕರು ಬೇಕಾಗಿದ್ದಾರೆ" ಎಂದರೆ ಒಬ್ಬರೋ ನಾಲ್ವರೋ ಗೊತ್ತಾಗುವುದಿಲ್ಲ. "ಹುದ್ದೆಗಳ ಸಂಖ್ಯೆ: 1" ಎಂದು ಬೇರೆ ಸಾಲು ಹಾಕಿದರೆ ಅದು ಮುಗಿಯಿತು. ಎರಡನೇ ತೊಡಕು ಕಣ್ಣಿಗೆ ಬೀಳದಂಥದ್ದು. ಒಳಗಿನ ಸಾಲುಗಳಲ್ಲೆಲ್ಲ "ರು" ಇದ್ದರೂ, ಅರ್ಜಿ ನಮೂನೆಯ "ಹುದ್ದೆಯ ಹೆಸರು" ಎಂಬ ಚೌಕದಲ್ಲಿ ನಾನೇ ಮತ್ತೆ "ಸಹಾಯಕ" ಎಂದು ಬರೆದಿದ್ದೆ. ಬಹುವಚನ ತೆಗೆದ ತಕ್ಷಣ ಪುಲ್ಲಿಂಗ ವಾಪಸ್ ಬಂದು ಕೂರುತ್ತದೆ. "ಶಿಕ್ಷಕ ಹುದ್ದೆ" ಬದಲು "ಶಿಕ್ಷಕರ ಹುದ್ದೆ" ಎಂದು ಬರೆಯಬೇಕಾದದ್ದೂ ಇದಕ್ಕೇ.

ಮೂರನೆಯದರಲ್ಲಿ ಆಳನ್ನು ಬಿಟ್ಟು ಕೆಲಸವನ್ನು ಹೇಳಿದೆ:

"ಹುದ್ದೆ: ಲೆಕ್ಕಪತ್ರ ನಿರ್ವಹಣೆ. ಸಂಖ್ಯೆ: 1. ಬಿ.ಕಾಂ. ಪದವಿ ಇರಬೇಕು. ಕನ್ನಡ ಟೈಪಿಂಗ್ ಬರಬೇಕು. ಪ್ರತಿದಿನ ರಸೀದಿಗಳನ್ನು ದಾಖಲಿಸಬೇಕು."

ಹಳೆಯದಕ್ಕಿಂತ ಇದೇ ಚಿಕ್ಕದು! ಗುಟ್ಟು ಇರುವುದು "ಬೇಕು"ವಿನಲ್ಲಿ. "ಮಾಡುತ್ತಾನೆ, ಮಾಡುತ್ತಾಳೆ" ಬೇರೆ ಬೇರೆ, ಆದರೆ "ಮಾಡಬೇಕು" ಎಲ್ಲರಿಗೂ ಒಂದೇ. "ಮಾಡಬಹುದು", "ಮಾಡತಕ್ಕದ್ದು" ಕೂಡ ಹಾಗೇ. "ಪದವೀಧರನಾಗಿರಬೇಕು" ಎಂಬಲ್ಲಿ ಗಂಡಸನ್ನು ತಂದದ್ದು "ಬೇಕು" ಅಲ್ಲ, ಅದರ ಹಿಂದಿನ "-ನಾಗಿ". ಮನುಷ್ಯನ ಬದಲು ಪದವಿಯನ್ನೇ ಹೇಳಿದರೆ ಆ "-ನಾಗಿ"ಗೆ ಕೆಲಸವೇ ಇಲ್ಲ. ಕರ್ತವ್ಯಗಳ ಪಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಆದರೆ ಕೆಲಸಕ್ಕೆ ಸೇರಿದವರ ಗುರುತಿನ ಚೀಟಿಯಲ್ಲಿ "ನಿರ್ವಹಣೆ" ಎಂದು ಬರೆಯಲಾಗದು. ಅಲ್ಲಿ ಮನುಷ್ಯರನ್ನೇ ಸೂಚಿಸುವ ಪದ ಬೇಕು. ಅಧಿಕಾರಿ, ಉದ್ಯೋಗಿ, ಸಿಬ್ಬಂದಿ ಇವೆಲ್ಲ ಯಾರಿಗೂ ಸಲ್ಲುತ್ತವೆ. ನಾವು "ಲೆಕ್ಕಪತ್ರ ಸಿಬ್ಬಂದಿ" ಎಂದಿಟ್ಟೆವು. ಸುಮ್ನೆ "ಅಕೌಂಟೆಂಟ್" ಎನ್ನಬಹುದಿತ್ತು ಎಂದರು ಕೆಲವರು. ಅದೂ ಸರಿಯೇ, ಆದರೆ "ಅಕೌಂಟೆಂಟ್ ಬೇಕಾಗಿದ್ದಾನೆ" ಎಂದು ಬರೆದರೆ ಮತ್ತೆ ಅದೇ ಕಥೆ.

ಕೊನೆಗೆ ನಾನು ಉಳಿಸಿಕೊಂಡದ್ದು ಬೆರಕೆ: ಕರ್ತವ್ಯ, ಅರ್ಹತೆಗೆ ಮೂರನೆಯದು, "ಆಯ್ಕೆಯಾದವರಿಗೆ ತಿಳಿಸಲಾಗುವುದು" ಎನ್ನುವಂಥ ಕಡೆ ಎರಡನೆಯದು. ನಮೂನೆಯಲ್ಲಿ ಹೆಸರಿನ ಮುಂದಿದ್ದ "ಬಿನ್/ಕೋಂ" ತೆಗೆದು "ತಂದೆ, ತಾಯಿ ಅಥವಾ ಪೋಷಕರ ಹೆಸರು" ಎಂದು ಹಾಕಿದೆ. ಗಂಡಸನ್ನು ಅಪ್ಪನ ಹೆಸರಿನಿಂದ, ಮದುವೆಯಾದ ಹೆಂಗಸನ್ನು ಗಂಡನ ಹೆಸರಿನಿಂದ ಗುರುತಿಸುವ ಅಗತ್ಯ ಲೆಕ್ಕದ ಕೆಲಸಕ್ಕೆ ಏನೂ ಇರಲಿಲ್ಲ.

ಈಗ ಯಾವುದೇ ಜಾಹೀರಾತು ಕಳಿಸುವ ಮೊದಲು ಕಡತದಲ್ಲಿ ನಾಲ್ಕು ಹುಡುಕಾಟ ಮಾಡುತ್ತೇನೆ: "ನಾಗಿ", "ವನು", "ದ್ದಾನೆ", "ಒಬ್ಬ". "ನಾಗಿ" ಹುಡುಕಿದರೆ "ಚೆನ್ನಾಗಿ"ಯೂ ಸಿಗುತ್ತದೆ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಜಾಸ್ತಿ ಸಲ ಸಿಕ್ಕಿಬೀಳುವುದು "ಒಬ್ಬ". "ಒಬ್ಬ ಸಿಬ್ಬಂದಿ" ಎಂದು ಬರೆದಿರುತ್ತೇನೆ, "ಒಬ್ಬರು" ಎಂದು ತಿದ್ದುತ್ತೇನೆ.