ಕೆಂಡ, ತುಪ್ಪ, ಮುಚ್ಚಳ: ರಾಯತಕ್ಕೆ ಎಷ್ಟು ನಿಮಿಷ, ದಾಲ್‌ಗೆ ಎಷ್ಟು ನಿಮಿಷ?

ಒಂದೇ ವಾರದಲ್ಲಿ ನನಗೆ ಎರಡೂ ಕೆಟ್ಟವು. ಸೌತೆಕಾಯಿ ರಾಯತದ ಮೇಲೆ ಪುಟ್ಟ ಬಟ್ಟಲಲ್ಲಿ ಕೆಂಡ ಇಟ್ಟು, ಕೆಂಡದ ಮೇಲೆ ತುಪ್ಪ ಬಿಟ್ಟು, ಏಳುವ ಹೊಗೆ ಹಿಡಿಯಲಿ ಅಂತ ಐದು ನಿಮಿಷ ಮುಚ್ಚಿಟ್ಟೆ, ಬಾಯಿಗಿಟ್ಟರೆ ಗಂಟಲು ಕೆರೆಯುವಷ್ಟು ಕಹಿ. ಎರಡು ದಿನ ಬಿಟ್ಟು ದಾಲ್‌ಗೂ ಹಾಗೇ ಕೆಂಡ ಇಟ್ಟು, ಅದಕ್ಕೆ ಅಷ್ಟೇ ತುಪ್ಪ ಹಾಕಿ ಅಷ್ಟೇ ಹೊತ್ತು ಮುಚ್ಚಿದೆ. ಅದರಲ್ಲಿ ಹೊಗೆಯ ಸುಳಿವೇ ಇಲ್ಲ, ಬರೀ ತುಪ್ಪದ ಒಗ್ಗರಣೆ ಹಾಕಿದ ಹಾಗಿತ್ತು. ಎರಡಕ್ಕೂ ಒಂದೇ ಲೆಕ್ಕ ಹೇಳುವುದು ಸರಿಯಲ್ಲ ಅನ್ನಿಸಿ, ಒಂದು ಭಾನುವಾರ ಕೂತು ಬೇರೆ ಬೇರೆ ಹೊತ್ತು ಮುಚ್ಚಿಟ್ಟು ನೋಡಿದೆ. ಮುಂದಿನ ಭಾನುವಾರವೂ ಅದೇ ಕೆಲಸ.

ಮೊದಲು ಎಲ್ಲದಕ್ಕೂ ಸಮನಾಗಿ ಇಟ್ಟದ್ದನ್ನು ಹೇಳುತ್ತೇನೆ. ಒಂದೂವರೆ ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಅದಕ್ಕೆ ಬಿಗಿಯಾಗಿ ಕೂರುವ ಗಾಜಿನ ಮುಚ್ಚಳ. ಪ್ರತಿ ಸಲ 250 ಗ್ರಾಂ ರಾಯತ ಅಥವಾ ಅಷ್ಟೇ ದಾಲ್. ದೊಡ್ಡ ನೆಲ್ಲಿಕಾಯಿ ಗಾತ್ರದ ಮರದ ಇದ್ದಿಲಿನ ತುಂಡು, ಅರ್ಧ ಟೀ ಚಮಚ ತುಪ್ಪ. ಪ್ರತಿ ಸಲಕ್ಕೂ ಹೊಸ ತುಂಡು, ಹೊಸ ಕೆಂಡ. ಬಾರ್ಬೆಕ್ಯೂಗೆಂದು ಸುಲಭವಾಗಿ ಹತ್ತಿಕೊಳ್ಳುವಂತೆ ರಾಸಾಯನಿಕ ಸೇರಿಸಿದ ಇದ್ದಿಲು ಇದಕ್ಕೆ ಬೇಡವೇ ಬೇಡ, ಆ ವಾಸನೆ ನೇರ ಊಟಕ್ಕೆ ಇಳಿಯುತ್ತದೆ.

ಗಾಜಿನ ಮುಚ್ಚಳ ಇಟ್ಟದ್ದೇ ಒಳ್ಳೆಯದಾಯಿತು, ಒಳಗೆ ನಡೆಯುವುದು ಕಣ್ಣಿಗೆ ಕಂಡಿತು. ತುಪ್ಪ ಬಿದ್ದ ತಕ್ಷಣ ಬಿಳಿ ಹೊಗೆ ದಟ್ಟವಾಗಿ ಎದ್ದು ಮುಚ್ಚಳದಡಿ ತುಂಬಿಕೊಳ್ಳುತ್ತದೆ. ಒಂದು ನಿಮಿಷದ ಹೊತ್ತಿಗೆ ಹೊಸ ಹೊಗೆ ಏಳುವುದು ಕಡಿಮೆಯಾಗುತ್ತದೆ. ಎರಡರಿಂದ ಮೂರು ನಿಮಿಷದಲ್ಲಿ ಕೆಂಡ ಕಪ್ಪಾಗುತ್ತದೆ, ಹೊಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಂದರೆ ಆಮೇಲೆ ನಾವು ಕಾಯುವುದು ಹೊಸ ಹೊಗೆಗಾಗಿ ಅಲ್ಲ, ಒಳಗೆ ಸಿಕ್ಕಿಕೊಂಡ ಹೊಗೆ ಊಟದ ಮೇಲೆ ಇಳಿಯಲಿ ಅಂತ. ಆ ಹೊಗೆಯೂ ಹೆಚ್ಚಾಗಿ ಇದ್ದಿಲಿನದ್ದಲ್ಲ. ಇದ್ದಿಲು ಮಾಡುವಾಗಲೇ ಮರದ ಹೊಗೆ ಬಹುಪಾಲು ಹೊರಟುಹೋಗಿರುತ್ತದೆ. ಕೆಂಡದ ಶಾಖಕ್ಕೆ ತುಪ್ಪ ಸುಟ್ಟು ಏಳುವ ಹೊಗೆಯೇ ನಮಗೆ ಬೇಕಾದ ಘಮ. ತುಪ್ಪ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೊಗೆಯಾಗತೊಡಗುತ್ತದೆ, ಕೆಂಪು ಕೆಂಡ ಅದಕ್ಕಿಂತ ಎಷ್ಟೋ ಬಿಸಿ.

ಇನ್ನು ರಾಯತ. ಫ್ರಿಜ್ಜಿನಿಂದ ತೆಗೆದ ಗಟ್ಟಿ ಮೊಸರು, ತುರಿದು ಹಿಂಡಿದ ಸೌತೆಕಾಯಿ, ಉಪ್ಪು, ಹುರಿದ ಜೀರಿಗೆ ಪುಡಿ. ಒಂದು, ಎರಡು, ನಾಲ್ಕು, ಎಂಟು ನಿಮಿಷ, ಹೀಗೆ ನಾಲ್ಕು ಬಟ್ಟಲು. ಯಾವುದು ಯಾವುದೆಂದು ಹೇಳದೆ ಅತ್ತೆಗೂ ಮಗಳಿಗೂ ರುಚಿ ನೋಡಲು ಕೊಟ್ಟೆ.

ಒಂದು ನಿಮಿಷದ್ದರಲ್ಲಿ ಮೂಗಿಗೆ ಹೊಗೆ ಬಂತು, ನಾಲಿಗೆಗೆ ಬರಲಿಲ್ಲ. ಎರಡು ನಿಮಿಷದ್ದನ್ನು ಇಬ್ಬರೂ ಮೊದಲು ಖಾಲಿ ಮಾಡಿದರು. ಮೊಸರಿನ ಹುಳಿ, ಜೀರಿಗೆ ಎರಡೂ ಗೊತ್ತಾಗುತ್ತಿತ್ತು, ಅದರ ಹಿಂದೆ ತೆಳ್ಳಗೆ ಹೊಗೆ. ನಾಲ್ಕು ನಿಮಿಷದ್ದರಲ್ಲಿ ಹೊಗೆಯೇ ಮುಂದೆ ಬಂದು ನಿಂತಿತ್ತು. ತಿನ್ನಲು ಆಗದ್ದೇನಲ್ಲ, ಖಾರವಾದ ಪಲಾವ್ ಜೊತೆ ನನಗಂತೂ ಇಷ್ಟವೇ ಆಯಿತು. ಎಂಟು ನಿಮಿಷದ ಬಟ್ಟಲಿಗೆ ಅತ್ತೆ ಒಂದೇ ಚಮಚ ಹಾಕಿಕೊಂಡು, "ಇದು ಹೊಗೆಯಲ್ಲ ಕಣಮ್ಮಾ, ತಳ ಹಿಡಿದ ಹಾಲಿನ ವಾಸನೆ" ಅಂದು ಪಕ್ಕಕ್ಕಿಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾಲಿಗೆಯ ಹಿಂಭಾಗದಲ್ಲಿ ಉಳಿದುಕೊಳ್ಳುವ ಆ ಒಣ ಕಹಿಯೇ ಹೊಗೆ ಹೆಚ್ಚಾದುದರ ಗುರುತು.

ದಾಲ್‌ಗೆ ತೊಗರಿಬೇಳೆ ಬೇಯಿಸಿ, ಒಗ್ಗರಣೆ ಕೊಟ್ಟು, ಕುದಿಯುತ್ತಿರುವಾಗಲೇ ಒಲೆಯಿಂದ ಇಳಿಸಿ ಕೆಂಡ ಇಟ್ಟೆ. ಎರಡು, ಐದು, ಹತ್ತು ನಿಮಿಷ. ಎರಡು ನಿಮಿಷದ್ದು ಮುಚ್ಚಳ ತೆಗೆದಾಗ ಘಂ ಅಂದಿತು, ತಟ್ಟೆಗೆ ಬಡಿಸುವಷ್ಟರಲ್ಲಿ ಏನೂ ಇಲ್ಲ. ಐದು ನಿಮಿಷದ್ದರಲ್ಲಿ ಅಲ್ಪಸ್ವಲ್ಪ. ಹತ್ತು ನಿಮಿಷದ್ದು ಇದರ ಎರಡರಷ್ಟು ಇರಬೇಕು ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಐದು ನಿಮಿಷದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಜೊತೆಗೆ ಸ್ವಲ್ಪ ಕಹಿ.

ಆ ಕಹಿ ಎಲ್ಲಿಂದ ಬಂತೆಂಬುದಕ್ಕೆ ಮುಚ್ಚಳವೇ ಸಾಕ್ಷಿ. ಬಿಸಿ ದಾಲ್‌ನ ಆವಿ ಮೇಲಕ್ಕೆ ಏಳುತ್ತಲೇ ಇರುತ್ತದೆ, ಹೊಗೆಯನ್ನೂ ಮೇಲಕ್ಕೇ ದೂಡುತ್ತದೆ. ಹೊಗೆಯ ಕಣಗಳು ಬಿಸಿಯಿದ್ದ ಕಡೆಯಿಂದ ತಣ್ಣಗಿರುವ ಕಡೆಗೆ ಸರಿಯುತ್ತವೆ. ರಾಯತದ ಪಾತ್ರೆಯಲ್ಲಿ ತಣ್ಣಗಿರುವುದು ಮೊಸರೇ, ಆದ್ದರಿಂದ ಹೊಗೆ ಅದರ ಮೇಲೆ ಬೇಗ ಕೂರುತ್ತದೆ. ದಾಲ್‌ನ ಪಾತ್ರೆಯಲ್ಲಿ ತಣ್ಣಗಿರುವುದು ಮುಚ್ಚಳ. ಹೊಗೆ ಅಲ್ಲಿ ಅಂಟಿ, ಆವಿಯ ಹನಿಗಳಲ್ಲಿ ಕರಗಿ, ಕಂದು ನೀರಾಗಿ ಮತ್ತೆ ದಾಲ್‌ಗೇ ತೊಟ್ಟಿಕ್ಕುತ್ತದೆ. ಆ ಹನಿಯನ್ನು ಬೆರಳಲ್ಲಿ ತೆಗೆದು ನೆಕ್ಕಿ ನೋಡಿದೆ, ಕಷಾಯದ ಹಾಗಿತ್ತು.

ಹಾಗಾದರೆ ದಾಲ್ ಸ್ವಲ್ಪ ಆರಿದ ಮೇಲೆ ಹೊಗೆ ಕೊಟ್ಟರೆ? ಎರಡನೇ ಭಾನುವಾರ ನೋಡಿದ್ದು ಅದನ್ನೇ. ಒಲೆಯಿಂದ ಇಳಿಸಿ ಹತ್ತು ನಿಮಿಷ ತೆರೆದಿಟ್ಟೆ, ಆವಿ ಏಳುವುದು ಕಡಿಮೆಯಾಯಿತು, ಆದರೆ ಊಟಕ್ಕೆ ಬೇಕಾದ ಬಿಸಿ ಇತ್ತು. ಮೇಲೆ ಕೆನೆಗಟ್ಟಿದ್ದರಿಂದ ಒಮ್ಮೆ ಕಲಕಿ, ಆಮೇಲೆ ಕೆಂಡ ಇಟ್ಟೆ. ಅದೇ ಐದು ನಿಮಿಷ, ಅದೇ ಅರ್ಧ ಚಮಚ ತುಪ್ಪ. ಈ ಸಲ ಕೊನೆಯ ತುತ್ತಿನವರೆಗೂ ಹೊಗೆ ಉಳಿಯಿತು. ಕುದಿಯುವ ದಾಲ್‌ಗೂ ಇದಕ್ಕೂ ಇದ್ದ ಅಂತರ ಐದಕ್ಕೂ ಹತ್ತಕ್ಕೂ ಇದ್ದ ಅಂತರಕ್ಕಿಂತ ಎಷ್ಟೋ ದೊಡ್ಡದು. ಮೆಚ್ಚುಗೆಯಾದದ್ದು ನನಗೆ ಇದೇ.

ಇಷ್ಟಾದರೂ ಇನ್ನೂ ಗಾಢವಾಗಿ ಬೇಕು ಅನ್ನುವವರಿದ್ದಾರೆ, ನಮ್ಮ ಮನೆಯಲ್ಲಿ ಮಗಳು ಹಾಗೆ. ಅವಳಿಗಾಗಿ ಎರಡು ದಾರಿ ನೋಡಿದೆ. ಒಂದರಲ್ಲಿ ಅರ್ಧ ಚಮಚಕ್ಕೆ ಬದಲು ಒಂದು ಚಮಚ ತುಪ್ಪವನ್ನು ಒಟ್ಟಿಗೇ ಸುರಿದೆ. ಕೆಂಡ ತುಪ್ಪದಲ್ಲಿ ಮುಳುಗಿ ಆರಿತು, ಹೊಗೆ ಹೆಚ್ಚಲಿಲ್ಲ, ಸುಡದೆ ಉಳಿದ ತುಪ್ಪ ಬಟ್ಟಲ ತಳದಲ್ಲಿ ಕರ್ರಗೆ ನಿಂತಿತ್ತು. ಇನ್ನೊಂದರಲ್ಲಿ ಅರ್ಧ ಚಮಚ ಹಾಕಿ ಮೂರು ನಿಮಿಷ ಮುಚ್ಚಿ, ತೆಗೆದು ದಾಲ್ ಕಲಕಿ, ಮುಚ್ಚಳ ಒರೆಸಿ, ಹೊಸ ಕೆಂಡ ಇಟ್ಟು ಮತ್ತೆ ಅರ್ಧ ಚಮಚದೊಂದಿಗೆ ಮೂರು ನಿಮಿಷ ಮುಚ್ಚಿದೆ. ಗಾಢವಾಗಿಯೂ ಇತ್ತು, ಕಹಿಯೂ ಇರಲಿಲ್ಲ. ನಡುವೆ ಕಲಕುವುದು ಮುಖ್ಯ, ಏಕೆಂದರೆ ಹೊಗೆ ಹಿಡಿಯುವುದು ಮೇಲಿನ ಪದರ ಮಾತ್ರ. ಹೊಸ ಮೇಲ್ಮೈ ಸಿಕ್ಕರೆ ಹೊಸದಾಗಿ ಹಿಡಿಯುತ್ತದೆ. ಹೊತ್ತು ಹೆಚ್ಚಿಸುವುದಕ್ಕಿಂತ ಈ ಎರಡನೇ ಕೆಂಡ ಎಷ್ಟೋ ಮೇಲು.

ಹೊತ್ತು ಎಷ್ಟೇ ಸರಿಯಿದ್ದರೂ ಕೆಂಡ ಸರಿಯಿಲ್ಲದಿದ್ದರೆ ಏನೂ ಸಿಗದು. ನನ್ನ ಮೊದಲ ರಾಯತ ಕಹಿಯಾದದ್ದಕ್ಕೆ ಐದು ನಿಮಿಷದ ಜೊತೆ ಇದೂ ಕಾರಣ ಇರಬೇಕು. ಅವತ್ತು ತುಂಡಿನ ಒಂದು ಬದಿ ಮಾತ್ರ ಕೆಂಪಾಗಿತ್ತು, ಒಳಗೆ ಕಪ್ಪೇ ಉಳಿದಿತ್ತು. ಅರೆ ಹತ್ತಿದ ಇದ್ದಿಲು ತಾನೇ ಹೊಗೆಯುಗುಳುತ್ತದೆ, ಆ ಹೊಗೆ ಕಣ್ಣು ಉರಿಸುತ್ತದೆ. ಗ್ಯಾಸ್ ಒಲೆಯ ಮೇಲೆ ಜಾಲರಿಯಿಟ್ಟು ಇಕ್ಕಳದಿಂದ ತಿರುಗಿಸುತ್ತಾ ಐದಾರು ನಿಮಿಷ ಕಾಯಿಸಿದರೆ ತುಂಡು ಪೂರ್ತಿ ಕೆಂಪಾಗಿ ಅಂಚಿನಲ್ಲಿ ಬೂದಿ ಬಿಳುಪಾಗುತ್ತದೆ. ಹೊಗೆಯೇ ಇಲ್ಲದೆ ಕೆಂಪಗೆ ಹೊಳೆಯುತ್ತಿದ್ದರೆ ಅದು ಹದ. ಆ ಬೂದಿಯನ್ನು ಇಕ್ಕಳದಿಂದ ತಟ್ಟಿ ಉದುರಿಸಿಯೇ ಪಾತ್ರೆಗೆ ತರಬೇಕು. ಇಲ್ಲದಿದ್ದರೆ ತುಪ್ಪವನ್ನು ಬೂದಿ ಹೀರಿಕೊಳ್ಳುತ್ತದೆ, ತುಪ್ಪ ಕೆಂಡಕ್ಕೆ ತಾಗುವುದಿಲ್ಲ, ಜೊತೆಗೆ ಬೂದಿ ಮೊಸರಿಗೂ ಹಾರುತ್ತದೆ. ತೇವ ಹಿಡಿದ ಇದ್ದಿಲು ಕಾಯಿಸುವಾಗ ಚಟಚಟ ಸಿಡಿಯುತ್ತದೆ, ಅದನ್ನು ಮೊದಲು ಬಿಸಿಲಿಗಿಡಿ. ತುಪ್ಪ ಬಿದ್ದಾಗ ಭಗ್ಗೆಂದು ಉರಿ ಎದ್ದರೆ ಗಾಬರಿ ಬೇಡ. ಮುಚ್ಚಳ ಮುಚ್ಚಿದರೆ ಆರುತ್ತದೆ, ಆದರೆ ಆ ಉರಿಯ ಮಸಿ ಒಳಗೇ ಉಳಿಯುತ್ತದೆ. ನಾನು ಚಮಚದಿಂದ ಸುರಿಯುವ ಬದಲು ತೊಟ್ಟು ತೊಟ್ಟಾಗಿ ಬಿಡುತ್ತೇನೆ, ಅದರಿಂದ ಉರಿ ಏಳುವುದು ತೀರ ಅಪರೂಪ.

ಕೆಂಡ ಇಡುವ ಬಟ್ಟಲಿನಲ್ಲೂ ರಾಯತಕ್ಕೂ ದಾಲ್‌ಗೂ ವ್ಯತ್ಯಾಸ ಇದೆ. ದಾಲ್ ಮೇಲೆ ಸ್ಟೀಲ್ ಬಟ್ಟಲು ತೇಲಿಬಿಟ್ಟರೆ ತೊಂದರೆಯಿಲ್ಲ. ರಾಯತದ ಮೇಲೆ ಅದನ್ನೇ ಇಟ್ಟಾಗ ಬಟ್ಟಲಿನ ತಳ ಕಾದು, ಅದರ ಸುತ್ತ ಮೊಸರು ಒಡೆದು ನೀರು ಬಿಟ್ಟಿತು. ದೊಡ್ಡ ಈರುಳ್ಳಿಯನ್ನು ಅರ್ಧಕ್ಕೆ ಕತ್ತರಿಸಿ ಅದರ ಎರಡು ಮೂರು ಪದರ ಒಟ್ಟಿಗೆ ಬಿಡಿಸಿಕೊಂಡರೆ ಒಳ್ಳೆಯ ಬಟ್ಟಲಾಗುತ್ತದೆ. ಅದರ ಮೂಲಕ ಶಾಖ ನಿಧಾನವಾಗಿ ಇಳಿಯುತ್ತದೆ, ಎರಡು ನಿಮಿಷಕ್ಕೆ ಧಾರಾಳ ಸಾಕು. ಗಾಜು, ಪ್ಲಾಸ್ಟಿಕ್ ಬಟ್ಟಲು ಕೆಂಡಕ್ಕೆ ಬೇಡ. ಕಿಟಕಿ ತೆರೆದಿರಲಿ, ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಳ್ಳುತ್ತದೆ. ಕೆಲಸ ಮುಗಿದ ಕೆಂಡವನ್ನು ಕಸದ ಬುಟ್ಟಿಗೆ ಹಾಕುವ ಮೊದಲು ನೀರಲ್ಲಿ ಮುಳುಗಿಸಿ.

ಇಟ್ಟು ತಿನ್ನುವ ವಿಷಯದಲ್ಲಿ ರಾಯತವೇ ಗೆದ್ದಿತು. ಎರಡು ನಿಮಿಷದ್ದನ್ನು ಕಲಕಿ, ಮುಚ್ಚಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದಾಗ ಹೊಗೆ ಇನ್ನೂ ಚೆನ್ನಾಗಿ ಕೂತಿತ್ತು, ಎಲ್ಲ ಚಮಚದಲ್ಲೂ ಒಂದೇ ಸಮ. ಹಾಗಾಗಿ ಕೊಟ್ಟ ತಕ್ಷಣ ರುಚಿ ನೋಡಿ ಕಡಿಮೆಯಾಯಿತೆಂದು ಮತ್ತೆ ಕೆಂಡ ಇಡುವ ಆತುರ ಬೇಡ. ದಾಲ್ ಹಾಗಲ್ಲ. ಮಿಕ್ಕಿದ್ದನ್ನು ರಾತ್ರಿ ಕುದಿಸಿದಾಗ ಹೊಗೆಯೆಲ್ಲ ಆವಿಯ ಜೊತೆ ಹೋಗಿ, ಬರೀ ಕಹಿಯ ನೆರಳು ಉಳಿಯಿತು. ಈಗ ಆ ಹೊತ್ತಿಗೆ ಬಡಿಸುವಷ್ಟು ದಾಲ್ ಮಾತ್ರ ಬೇರೆ ಪಾತ್ರೆಗೆ ತೆಗೆದು ಹತ್ತು ನಿಮಿಷ ಆರಿಸಿ, ಐದು ನಿಮಿಷ ಮುಚ್ಚುತ್ತೇನೆ. ಮಿಕ್ಕಿದ್ದು ಹೊಗೆಯಿಲ್ಲದೆ ಫ್ರಿಜ್ಜಿಗೆ ಹೋಗುತ್ತದೆ, ರಾತ್ರಿ ಬಿಸಿ ಮಾಡಿದ ಮೇಲೆ ಅದಕ್ಕೆ ಬೇರೆ ಕೆಂಡ.